ಬಿಕ್ಕಲಂ ಹಾಕುವ ಜಾಗ: ಯಂತ್ರದ ಕರಡು ತಿದ್ದಿಕೊಡುವ ನನ್ನ ಅನುಭವ

ಈ ಸೀಸನ್‌ನಲ್ಲಿ ಕೋಲಾರದ ನನ್ನ ಡಿಟಿಪಿ ಅಂಗಡಿಯಿಂದ ಕಾಲೇಜು ಹುಡುಗರ ಸುಮಾರು 40 ಪ್ರಾಜೆಕ್ಟ್ ವರದಿಗಳು ಬೈಂಡ್ ಆಗಿ ಹೋದವು. ಒಂದೂ ವಾಪಸ್ ಬರಲಿಲ್ಲ. ಎರಡು ವರ್ಷದ ಹಿಂದೆ 70ರ ಹತ್ತಿರ ಹೋಗಿದ್ದವು, ಅದರಲ್ಲಿ ಹತ್ತೋ ಹನ್ನೊಂದೋ ವಾಪಸ್ ಬಂದಿದ್ದವು. ನಡುವಿನ ವರ್ಷದಲ್ಲಿ ಚಾಟ್‌ಜಿಪಿಟಿ ಯಂತ್ರದಿಂದ ವರದಿ ಬರೆಸಿ ಕೊಡುವ ಪದ್ಧತಿಯನ್ನು ನಾನು ಬದಲಾಯಿಸಿದಾಗ ಪಕ್ಕದ ಜೆರಾಕ್ಸ್ ಅಂಗಡಿಯವನು, "ಅಣ್ಣ, ಇನ್ನು ನೀನು ಲ್ಯಾಮಿನೇಷನ್ ಒಂದೇ ಮಾಡ್ಕೊಂಡಿರ್ಬೇಕು" ಎಂದು ನಕ್ಕಿದ್ದ. ಈಗ ಅವನೇ ಹುಡುಗರನ್ನು ನನ್ನ ಅಂಗಡಿಗೆ ಕಳಿಸುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಪುಟ ಹೊಂದಿಸುವುದು, ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ತಿರುಗಿಸುವುದು ಇದೆಲ್ಲ ಡಿಟಿಪಿ ಮಾಡುವ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

2023ರಲ್ಲಿ ಎಲ್ಲರಂತೆ ನಾನೂ ಮಾಡಿದೆ. ವಿಷಯ ಹೇಳಿ, 1,800 ರೂಪಾಯಿ ಕೊಡಿ, ನಾಲ್ಕು ದಿನ ಬಿಟ್ಟು ಮೂರು ಪ್ರತಿ ತಗೊಳ್ಳಿ. ಚಾಟ್‌ಜಿಪಿಟಿಯಲ್ಲಿ ಕರಡು ಬರೆಸುವುದು, ಅಲ್ಲಿ ಇಲ್ಲಿ ತಿದ್ದುವುದು, ಬೈಂಡಿಂಗ್‌ಗೆ ಕಳಿಸುವುದು. "ತಿದ್ದಿದ್ದೀನಲ್ಲ, ಇನ್ನೇನು" ಅನ್ನುವುದು ನನ್ನ ಸಮಾಧಾನ. ದುಡ್ಡು ಚೆನ್ನಾಗಿ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ವೈವಾ ಶುರುವಾಯಿತು.

ಕನ್ನಡ ಮಾಧ್ಯಮದ ಒಬ್ಬ ಹುಡುಗಿ ಮಂಡಿ ವ್ಯಾಪಾರದ ಬಗ್ಗೆ ವರದಿ ಮಾಡಿಸಿದ್ದಳು. ಕಮಿಷನ್ ಏಜೆಂಟ್ ಅನ್ನುವುದನ್ನು ಯಂತ್ರ "ಆಯೋಗದ ಪ್ರತಿನಿಧಿ" ಎಂದು ಬರೆದಿತ್ತು. ವರದಿ ತುಂಬ ಆಯೋಗದ ಪ್ರತಿನಿಧಿಗಳೇ. ಹೊರಗಿನಿಂದ ಬಂದ ಪರೀಕ್ಷಕರು, "ಯಾವ ಆಯೋಗ ಕಣಮ್ಮಾ, ಚುನಾವಣೆದಾ?" ಎಂದು ಕೇಳಿದರಂತೆ. ಹುಡುಗಿ ಅತ್ತುಕೊಂಡು ನೇರ ಅಂಗಡಿಗೆ ಬಂದಳು. ಅವಳ ಅಪ್ಪ ಕೋಲಾರದ ಮಂಡಿಗೇ ಟೊಮೆಟೊ ಹಾಕುವವರು. ಕಮಿಷನ್ ಏಜೆಂಟ್ ಅಂದರೆ ಯಾರು ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವಳು ಆ ಪುಟ ಓದಿರಲಿಲ್ಲ. ನಾನೂ ಓದಿರಲಿಲ್ಲ. ವಾಪಸ್ ಬಂದ ವರದಿಗಳಿಗೆಲ್ಲ ಮತ್ತೆ ಪ್ರಿಂಟು, ಮತ್ತೆ ಬೈಂಡಿಂಗು. ಒಂದೊಂದಕ್ಕೆ ಸಾವಿರದ ಹತ್ತಿರ ನನ್ನ ಜೇಬಿನಿಂದಲೇ ಹೋಯಿತು.

ಮೊದಲು ತಪ್ಪು ದಾರಿಯಲ್ಲೇ ಪರಿಹಾರ ಹುಡುಕಿದೆ. ಯಂತ್ರದ ಬರಹವನ್ನು "ಮನುಷ್ಯರ ಹಾಗೆ" ಮಾಡಿಕೊಡುತ್ತೇವೆ ಅನ್ನುವ ಆನ್‌ಲೈನ್ ಸೇವೆಗೆ ತಿಂಗಳಿಗೆ 800 ರೂಪಾಯಿಯಂತೆ ಮೂರು ತಿಂಗಳು ಕಟ್ಟಿದೆ. ಅದು ಮಾಡುವುದು ಬರೀ ಪದ ಅದಲುಬದಲು. ಇಂಗ್ಲಿಷ್ ವರದಿಯಲ್ಲಿ ಮಾರುಕಟ್ಟೆಯನ್ನು ಒಂದು ಪುಟದಲ್ಲಿ ಅಂಗಡಿಬೀದಿ ಮಾಡಿತು, ಮುಂದಿನ ಪುಟದಲ್ಲಿ ಸಂತೆ ಮಾಡಿತು. ಯೋಚಿಸಿ ನೋಡಿ, ಬರೆದವರು ಯಾರು ಎಂದು ಮರೆಮಾಚುವುದಕ್ಕೇ ನಾನು ದುಡ್ಡು ಕಟ್ಟುತ್ತಿದ್ದೆ. ಅದನ್ನು ತಿದ್ದುವ ಕೆಲಸ ಅಂತ ಕರೆಯೋಕಾಗುತ್ತಾ?

ಆಮೇಲೆ ಬರೆದದ್ದು ಯಂತ್ರವಾ ಎಂದು ಪತ್ತೆ ಹಚ್ಚುವ ಉಪಕರಣಗಳು. ನಾನೇ 2015ರ ಸುಮಾರಿಗೆ ಬ್ಯಾಂಕಿಗೆ ಇಂಗ್ಲಿಷ್‌ನಲ್ಲಿ ಬರೆದಿದ್ದ ಸಾಲದ ಅರ್ಜಿಯನ್ನು ಹಾಕಿ ನೋಡಿದೆ. ನೂರಕ್ಕೆ 80 ಭಾಗ ಯಂತ್ರದ್ದು ಎಂದಿತು! ಆಗ ಚಾಟ್‌ಜಿಪಿಟಿ ಹುಟ್ಟೇ ಇರಲಿಲ್ಲ. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಉಪಕರಣವನ್ನು ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಉಪಕರಣಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಅವು ಯಂತ್ರದ್ದು ಅಂದವು. ಸರಳ ಪದ, ಚಿಕ್ಕ ವಾಕ್ಯ ಇದ್ದರೆ ಅವಕ್ಕೆ ಅನುಮಾನ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಬರೆಯುವ ಇಂಗ್ಲಿಷೇ ಅದು. ಪ್ರಾಮಾಣಿಕವಾಗಿ ಬರೆದ ಹುಡುಗ ಸಿಕ್ಕಿಬೀಳುವ ಬಲೆ ಕಟ್ಟಿ ನಾನೇನು ಮಾಡಲಿ? ಬಿಟ್ಟೆ.

ಹೋಲಿಕೆ ತಪಾಸಣೆಯದು ಇನ್ನೊಂದು ಕಥೆ. ಯುಜಿಸಿಯ 2018ರ ನಿಯಮದ ಪ್ರಕಾರ ನೂರಕ್ಕೆ 10ರೊಳಗೆ ಹೋಲಿಕೆ ಇದ್ದರೆ ದಂಡನೆ ಇಲ್ಲ. ಆ ನಿಯಮ ಬರೆದದ್ದು ನಕಲು ಹಿಡಿಯೋದಕ್ಕೆ. ಯಂತ್ರ ಪ್ರತಿ ಸಲ ಹೊಸ ವಾಕ್ಯ ಹೆಣೆಯುತ್ತದೆ, ನೂರಕ್ಕೆ ನಾಲ್ಕೈದು ಹೋಲಿಕೆಯಲ್ಲಿ ಸಲೀಸಾಗಿ ದಾಟಿಬಿಡುತ್ತದೆ. "ಅಣ್ಣಾ, ನಾಲ್ಕೇ ಪರ್ಸೆಂಟ್ ಬಂದಿದೆ, ಅಂದ್ರೆ ನಂದೇ" ಎಂದು ಹುಡುಗರು ಕುಣಿಯುತ್ತಾರೆ. ಬೇರೆಯವರ ವರದಿ ಕದ್ದಿಲ್ಲ ಎಂದಷ್ಟೇ ಅದರ ಅರ್ಥ.

ಕೊನೆಗೆ ನಾನೇ ಒಂದು ಲೆಕ್ಕ ಹಾಕಿದೆ. ಕರಡಿನ ಅರ್ಧದಷ್ಟು ಪದಗಳನ್ನು ವಿದ್ಯಾರ್ಥಿ ಬದಲಾಯಿಸಿದರೆ ಅದು ಅವನದು. ವರ್ಡ್‌ನಲ್ಲಿ ಎರಡು ಕಡತ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಗೊತ್ತಾಗುತ್ತದಲ್ಲ. ಒಬ್ಬ ಹುಡುಗ ಮುಕ್ಕಾಲು ಭಾಗ ಬದಲಾಯಿಸಿ ತಂದ. ಎರಡನೇ ಅಧ್ಯಾಯದಲ್ಲಿ ಏನಿದೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಅವನ ಅಕ್ಕ ಬದಲಾಯಿಸಿದ್ದಳು. ಇನ್ನೊಬ್ಬಳು ಐದನೇ ಒಂದು ಭಾಗವನ್ನೂ ಮುಟ್ಟಿರಲಿಲ್ಲ. ಅಂಕಿಗಳು, ಎರಡು ಕೋಷ್ಟಕ, ತೀರ್ಮಾನದ ಪುಟ, ಇಷ್ಟೇ ಅವಳು ಬದಲಾಯಿಸಿದ್ದು. ಆದರೆ ಏನು ಕೇಳಿದರೂ ಉತ್ತರ ಇತ್ತು. ಪದ ಎಣಿಸಿದರೆ ದಾರಿ ಸಿಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ದಾರಿ ಸಿಕ್ಕಿದ್ದು ನನ್ನ ಮಾವನ ಹತ್ತಿರ. ಅವರು ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಪತ್ರ ಬರೆದವರು. ಬಿಕ್ಕಲಂದಾರರು. ಕ್ರಯಪತ್ರ ನೋಡಿರುತ್ತೀರಿ. ಜಮೀನು ಮಾರುವವನಿಗೆ ಅದರಲ್ಲಿ "ಬರೆದುಕೊಟ್ಟವರು" ಎಂದು ಹೆಸರು. ಅವನು ಒಂದಕ್ಷರವೂ ಬರೆದಿರುವುದಿಲ್ಲ. ಎಷ್ಟೋ ಜನ ಹೆಬ್ಬೆಟ್ಟು ಒತ್ತುವವರೇ. ಅಕ್ಷರ ಬರೆದವರು ನಮ್ಮ ಮಾವ, ಅವರ ರುಜು ಕೆಳಗೆ ಬೇರೆ ಜಾಗದಲ್ಲಿ, ಬಿಕ್ಕಲಂ ಎಂದು. ಮಾತು ಯಾರದು, ಕೈ ಯಾರದು ಎಂದು ಪತ್ರದಲ್ಲೇ ಗೊತ್ತಾಗುತ್ತದೆ. ಯಾರೂ ಯಾರಿಗೂ ಮೋಸ ಮಾಡಿದ ಹಾಗಾಗುವುದಿಲ್ಲ. ಒಂದೇ ಒಂದು ಕೆಲಸ ಮಾತ್ರ ಮಾವ ತಪ್ಪಿಸುತ್ತಿರಲಿಲ್ಲ. ಬರೆದಾದ ಮೇಲೆ ಪೂರ್ತಿ ಓದಿ ಹೇಳುವುದು, ಚಕ್ಕುಬಂದಿಯನ್ನು ಪಾರ್ಟಿಯ ಬಾಯಿಂದಲೇ ಮತ್ತೆ ಹೇಳಿಸುವುದು. "ಬಡಗಣಕ್ಕೆ ಯಾರ ಜಮೀನಪ್ಪ?" ಅಂದರೆ ಅವನು ತಡವರಿಸದೆ ಹೇಳಬೇಕು. ತಡವರಿಸಿದರೆ ಅವತ್ತು ರಿಜಿಸ್ಟ್ರಿ ಇಲ್ಲ.

ನನ್ನ ಗೋಳು ಕೇಳಿಸಿಕೊಂಡು ಮಾವ ಒಂದೇ ಪ್ರಶ್ನೆ ಕೇಳಿದರು. "ಆ ಮಕ್ಕಳು ಕೊನೇಲಿ ಎಂಥದಕ್ಕೆ ರುಜು ಹಾಕ್ತಾರೆ, ಓದು ನೋಡೋಣ." ಘೋಷಣೆಯ ಪುಟ ತೆಗೆದು ಓದಿದೆ. "ಈ ವರದಿಯನ್ನು ನಾನೇ ಸ್ವತಃ ಸಿದ್ಧಪಡಿಸಿದ್ದೇನೆ." ನೂರಾರು ಸಲ ಟೈಪ್ ಮಾಡಿದ್ದೆ, ಒಂದು ಸಲವೂ ಓದಿರಲಿಲ್ಲ.

ಅಲ್ಲಿಂದ ನನ್ನ ಪದ್ಧತಿ ಶುರುವಾಯಿತು. ಎಷ್ಟು ತಿದ್ದಿದ್ದಾರೆ ಎಂದು ಈಗ ನೋಡುವುದೇ ಇಲ್ಲ. ರುಜುವಿನ ಮೇಲಿನ ವಾಕ್ಯ ಏನು ಹೇಳುತ್ತದೆ, ಅದು ನಿಜವಾ ಎಂದು ನೋಡುತ್ತೇನೆ. ಹುಡುಗರು ಬಂದ ಕೂಡಲೇ ಮೊದಲು ಗೈಡ್‌ಗೆ ಫೋನ್ ಮಾಡಿಸುತ್ತೇನೆ. ಯಂತ್ರ ಬೇಡವೇ ಬೇಡ ಎಂದು ಅವರು ಹೇಳಿದರೆ ಬರೀ ಟೈಪಿಂಗ್, ಮುಗೀತು. ಭಾಷೆಗೆ ಬಳಸಬಹುದು ಅಂದರೆ ಎರಡು ಪುಟ ಕೈಬರಹ ಕೇಳುತ್ತೇನೆ. ಎಲ್ಲಿಗೆ ಹೋದೆ, ಯಾರನ್ನು ಕೇಳಿದೆ, ಏನು ನೋಡಿ ಆಶ್ಚರ್ಯ ಆಯಿತು. ತಪ್ಪುಗಳಿರಲಿ, ತೆಲುಗು ಬೆರೆತಿರಲಿ, ಪರವಾಗಿಲ್ಲ. ಆ ಹಾಳೆ ಇಲ್ಲದೆ ಕಂಪ್ಯೂಟರ್ ಮುಟ್ಟುವುದಿಲ್ಲ. ಆಮೇಲೆ ಅದನ್ನು ಯಂತ್ರಕ್ಕೆ ಹಾಕಿ ಬಂದ ಕರಡನ್ನು ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆದು, ಕೈಗೆ ಕೆಂಪು ಪೆನ್ನು ಕೊಟ್ಟು ಕೂರಿಸುತ್ತೇನೆ. ಕೈಬರಹದ ಹಾಳೆಯಲ್ಲಾಗಲಿ ಸಮೀಕ್ಷೆಯ ಫಾರಂನಲ್ಲಾಗಲಿ ಇಲ್ಲದ ಮಾತು ಕರಡಿನಲ್ಲಿ ಕಂಡರೆ ಅದರ ಕೆಳಗೆ ಗೆರೆ. ಗೆರೆ ಬಿದ್ದ ಪ್ರತಿ ವಾಕ್ಯಕ್ಕೂ ಆಧಾರ ತರಬೇಕು, ಇಲ್ಲ ಹೊಡೆದುಹಾಕಬೇಕು.

ಒಂದು ವರದಿಯ ಕಥೆ ಪೂರ್ತಿ ಹೇಳುತ್ತೇನೆ. ಬಿಕಾಂ ಕೊನೆ ವರ್ಷದ ಹುಡುಗಿ, ಟೊಮೆಟೊ ಬೆಳೆಗಾರರ ಬಗ್ಗೆ, 30 ಜನರ ಸಮೀಕ್ಷೆ. ಕರಡು ನೋಡಲು ಬಲು ಚೆಂದ ಇತ್ತು. ರೈತರು ಕ್ವಿಂಟಾಲ್ ಲೆಕ್ಕದಲ್ಲಿ ಮಾರುತ್ತಾರೆ ಎಂದಿತ್ತು. ಕೋಲಾರದ ಮಂಡಿಯಲ್ಲಿ ಹರಾಜು ಕೂಗುವುದು 15 ಕೆಜಿ ಬಾಕ್ಸ್‌ಗೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೊದಲ ಗೆರೆ ಅಲ್ಲಿ ಬಿತ್ತು. ಎರಡನೆಯದು, "ಶೇಕಡ 68 ರೈತರು ಬೆಲೆಯ ಬಗ್ಗೆ ಅಸಮಾಧಾನ ಹೊಂದಿದ್ದಾರೆ." ನಾನು ಕ್ಯಾಲ್ಕುಲೇಟರ್ ಅವಳ ಮುಂದಿಟ್ಟೆ. 30 ಜನರಲ್ಲಿ ಶೇಕಡ 68 ಅಂದರೆ 20.4 ರೈತರು. ಆ ಪಾಯಿಂಟ್ ನಾಲ್ಕು ರೈತ ಯಾರಮ್ಮ? 30 ಜನರ ಸಮೀಕ್ಷೆಯಲ್ಲಿ 20 ಜನ ಹೇಳಿದರೆ 66.7, 21 ಜನ ಹೇಳಿದರೆ 70. ನಡುವೆ 68 ಬರುವ ಚಾನ್ಸೇ ಇಲ್ಲ. ಈ ಒಂದು ಲೆಕ್ಕದಿಂದ ನಾನು ಈ ವರ್ಷ ಕಡಿಮೆಯೆಂದರೂ 15 ವರದಿಗಳಲ್ಲಿ ಕಟ್ಟಿದ ಅಂಕಿ ಹಿಡಿದಿದ್ದೇನೆ. ನೀವೂ ಮಾಡಿ ನೋಡಿ, ಒಂದು ನಿಮಿಷದ ಕೆಲಸ.

ಫಾರಂಗಳನ್ನು ತರಿಸಿ ಎಣಿಸಲು ಕೂತೆವು. ನಾಲ್ಕು ಫಾರಂ ಒಂದೇ ಪೆನ್ನು, ಒಂದೇ ಓರೆ ಅಕ್ಷರ. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಅವು ನಾಲ್ಕು ನಮ್ಮ ತಮ್ಮ ಬಸ್ ಸ್ಟ್ಯಾಂಡಲ್ಲಿ ಕೂತು ತುಂಬಿದ್ದು" ಎಂದಳು. ಎಲ್ಲರೂ ಯಂತ್ರವನ್ನು ಬೈಯುತ್ತಾರೆ. ಇಲ್ಲಿ ಯಂತ್ರಕ್ಕಿಂತ ಮೊದಲೇ ತಮ್ಮ ಕೆಲಸ ಮುಗಿಸಿದ್ದ! ನಾಲ್ಕನ್ನೂ ತೆಗೆದೆವು. 26 ಉಳಿದವು. ಬೆಲೆ ಬಗ್ಗೆ ಅಸಮಾಧಾನ ಅಂದವರು 11 ಜನ, ಅಂದರೆ ಶೇಕಡ 42. ಜಾಸ್ತಿ ಜನ, 18 ಮಂದಿ, ದೂರಿದ್ದು ದುಡ್ಡು ಕೈಗೆ ಬರುವುದು ತಡ ಎಂದು. ಆ ಮಾತು ಯಂತ್ರದ ಕರಡಿನಲ್ಲಿ ಇರಲೇ ಇಲ್ಲ. ಅದು ಶೀತಲಗೃಹ ಕಟ್ಟಬೇಕು ಎಂದು ಎರಡು ಪುಟ ಉಪದೇಶ ಮಾಡಿತ್ತು. ಎರಡೂ ಪುಟ ಹೋಯಿತು. ತೀರ್ಮಾನವನ್ನು ಅವಳೇ ಕೈಯಲ್ಲಿ ಬರೆದಳು, ಒಂದೂವರೆ ಪುಟ. ಅದನ್ನು ನಾನು ಯಂತ್ರಕ್ಕೆ ಹಾಕಲೇ ಇಲ್ಲ, ಕಾಗುಣಿತ ಮಾತ್ರ ತಿದ್ದಿದೆ. ಈ ನಿಯಮ ಈಗ ಎಲ್ಲರಿಗೂ ಇದೆ. ಮೊದಲ ಅಧ್ಯಾಯದ ಭಾಷೆ ಎಷ್ಟು ಬೇಕಾದರೂ ತಿದ್ದಿಸಿಕೊಳ್ಳಿ. ತೀರ್ಮಾನ ನಿಮ್ಮ ಕೈಬರಹದಲ್ಲೇ ಬರಬೇಕು.

ಘೋಷಣೆಗೆ ಒಂದು ಸಾಲು ಸೇರಿಸಿದೆವು. "ಕರಡು ಜೋಡಿಸಲು ಮತ್ತು ಭಾಷೆ ತಿದ್ದಲು ಚಾಟ್‌ಜಿಪಿಟಿ ಬಳಸಿದ್ದೇನೆ. ಸಮೀಕ್ಷೆ, ಲೆಕ್ಕ ಮತ್ತು ತೀರ್ಮಾನ ನನ್ನವು." ಇದನ್ನು ಹಾಕಿದರೆ ಅಂಕ ಹೋಗುತ್ತದೆ ಎಂದು ಹುಡುಗರಿಗೆ ಭಯ. ಅವಳ ವೈವಾದಲ್ಲಿ ಪರೀಕ್ಷಕರು ಆ ಸಾಲನ್ನು ಓದಿ, 30 ಯಾಕೆ 26 ಆಯಿತು ಎಂದು ಮಾತ್ರ ಕೇಳಿದರಂತೆ. ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಅಂಕ ಎಷ್ಟು ಬಂತು ಎಂದು ನಾನು ಹೇಳುವುದಿಲ್ಲ, ಆದರೆ ಅವರ ಮನೆಯಿಂದ ಒಂದು ಬಾಕ್ಸ್ ಟೊಮೆಟೊ ಬಂತು. ಬಾಕ್ಸ್ 500 ದಾಟಿದ್ದ ವಾರ ಅದು.

ಬೈಂಡಿಂಗ್‌ಗೆ ಮುಂಚೆ ಚಕ್ಕುಬಂದಿ ಕೇಳುವುದು ತಪ್ಪಿಸುವುದಿಲ್ಲ. ವರದಿ ಮುಚ್ಚಿಟ್ಟು ಐದು ಪ್ರಶ್ನೆ. ಎಷ್ಟು ಜನ, ಯಾವ ತಿಂಗಳು, ನಿನ್ನ ವರದಿಯಲ್ಲಿ ನಿನಗೇ ನಂಬಿಕೆ ಕಡಿಮೆ ಇರುವ ಅಂಕಿ ಯಾವುದು. ಉಳಿದ ಎರಡು ಪ್ರಶ್ನೆ ಇಲ್ಲಿ ಬರೆಯುವುದಿಲ್ಲ, ಹುಡುಗರೂ ಇದನ್ನು ಓದುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದ್ದೆ. ಕರಡು ಓದುತ್ತಾರೋ ಇಲ್ಲವೋ ನೋಡಲು ಬೇಕಂತಲೇ ಒಂದು ಸುಳ್ಳು ಸಾಲು ಸೇರಿಸುತ್ತಿದ್ದೆ. "ಕೋಲಾರ ಬಂದರಿನಿಂದ ರಫ್ತಾಗುವ ಟೊಮೆಟೊ." ಹತ್ತರಲ್ಲಿ ಆರೇಳು ಜನ ಹಿಡಿಯಲಿಲ್ಲ. ಚೆನ್ನಾಗಿದೆ ಎಂದು ಖುಷಿಪಡುತ್ತಿದ್ದೆ. ಒಂದು ದಿನ ನಾನು ಊರಲ್ಲಿಲ್ಲದಾಗ ನನ್ನ ಹೆಂಡತಿ ಬಂದರಿನ ಸಮೇತ ಒಂದು ವರದಿಯನ್ನು ಬೈಂಡಿಂಗ್‌ಗೆ ಕಳಿಸಿಬಿಟ್ಟಳು. ಬಂಗಾರದ ಅಕ್ಷರದ ರಟ್ಟು, ಮೂರು ಪ್ರತಿ. ಬೆಳಿಗ್ಗೆ ಓಡಿಹೋಗಿ ಬಿಚ್ಚಿಸಿದೆ. 900 ರೂಪಾಯಿ ಖರ್ಚು, ಅದರ ಮೇಲೆ ಮನೆಯಲ್ಲಿ ಎರಡು ದಿನ ಮಾತಿಲ್ಲ. ಆ ಆಟ ಅಲ್ಲಿಗೆ ನಿಂತಿತು.

ಶಾಲೆ ಮಕ್ಕಳದು ಬೇರೆ ಲೆಕ್ಕ. ಎಂಟನೇ ಕ್ಲಾಸ್ ಹುಡುಗ "ನಮ್ಮೂರ ಕೆರೆ" ಎಂದು ಬರೆದು ತಂದಿದ್ದ. ಜೊತೆಗೆ ಬಂದ ಅಪ್ಪ, "ಇದನ್ನ ಸ್ವಲ್ಪ ಗ್ರಾಂಡ್ ಮಾಡಿ ಸಾರ್" ಎಂದರು. ಮಾಡಿದ್ದರೆ "ಕೆರೆಗಳು ನಮ್ಮ ಸಂಸ್ಕೃತಿಯ ಜೀವನಾಡಿ" ಎಂದು ಬರುತ್ತಿತ್ತು. ಹುಡುಗ ಬರೆದದ್ದು ಹೀಗೆ: "ಕೆಸಿ ವ್ಯಾಲಿ ನೀರು ಬಂದ ಮೇಲೆ ಅಜ್ಜಿ ಬೋರಲ್ಲೂ ನೀರು ಬಂತು. ಆದರೆ ಅಜ್ಜಿ ಅದನ್ನ ಕುಡಿಯಲ್ಲ, ಬೆಂಗಳೂರಿಂದು ಅಂತಾರೆ." ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುವ ಯೋಜನೆಯ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಓದಿಲ್ಲ. ಇಲ್ಲಿ ಬರೆಯುವುದೇ ಮನೆಕೆಲಸ. ವಾಕ್ಯ ಕಟ್ಟಲು ಬರುತ್ತದಾ ಎಂದು ಮೇಷ್ಟ್ರು ನೋಡಬೇಕಿರುವಾಗ ವಾಕ್ಯವನ್ನೇ ಯಂತ್ರ ಕೊಟ್ಟರೆ ಹುಡುಗನದು ಅಂತ ಏನು ಉಳಿಯಿತು? ಬಿಕಾಂ ಹುಡುಗಿಗೆ ಮಾಡಿದ ತಿದ್ದುಪಡಿಯನ್ನೇ ಇವನಿಗೂ ಮಾಡಿದ್ದರೆ ತಪ್ಪಾಗುತ್ತಿತ್ತು. ತಪ್ಪುಗಳ ಸಮೇತ ಟೈಪ್ ಮಾಡಿಕೊಟ್ಟೆ. ಅಪ್ಪ ಬೈದು 60 ರೂಪಾಯಿ ಕೊಡದೆ ಹೋದರು.

ಇನ್ನೊಬ್ಬರು ಬಂದಿದ್ದರು, ಮಕ್ಕಳು ಯಂತ್ರದಿಂದ ಬರೆಸಿದರೆ ಸೊನ್ನೆ ಕೊಡುವ ಶಿಕ್ಷಕರು. ಅವರಿಗೆ ಬಿಇಡಿ ಕ್ರಿಯಾ ಸಂಶೋಧನೆ ರೆಡಿಮೇಡ್ ಬೇಕಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಕೈಬರಹದ ಹಾಳೆ ತನ್ನಿ ಸಾರ್ ಎಂದು ಕಳಿಸಿದೆ. ಮತ್ತೆ ಬರಲಿಲ್ಲ.

ಕಚೇರಿ ಕೆಲಸದಲ್ಲಿ ನಾನು ತುಂಬಾ ದಿನ ಗೊಂದಲದಲ್ಲಿದ್ದೆ. ಶಾಲೆಯ ನಿಯಮವನ್ನೇ ಅಲ್ಲೂ ಹಾಕಲು ಹೋಗಿ ಎರಡು ಒಳ್ಳೆಯ ಗಿರಾಕಿಗಳನ್ನು ಕಳೆದುಕೊಂಡೆ. ಕಚೇರಿ ಪತ್ರವನ್ನು ಸಾಹೇಬರೇ ಬರೆದಿದ್ದಾರೆ ಎಂದು ಯಾರೂ ನಂಬುವುದಿಲ್ಲ. ವಿಷಯ ನಿರ್ವಾಹಕರು ಕರಡು ಇಡುತ್ತಾರೆ, ಅಧೀಕ್ಷಕರು ತಿದ್ದುತ್ತಾರೆ, ಸಾಹೇಬರು ರುಜು ಹಾಕುತ್ತಾರೆ. ಅಲ್ಲಿ ರುಜುವಿನ ಅರ್ಥ, ಇದರಲ್ಲಿರುವ ವಿಷಯಕ್ಕೆ ನಾನು ಜವಾಬ್ದಾರ ಎಂದು. ಭಾಷೆ ಯಾರದಾದರೂ ನಡೆಯುತ್ತದೆ. ಹಾಗಾದರೆ ಕಚೇರಿಯಲ್ಲಿ ಮೋಸ ಎಲ್ಲಿ ಶುರುವಾಗುತ್ತದೆ?

ಒಂದು ಸಹಕಾರ ಸಂಘದ ಕಾರ್ಯದರ್ಶಿ ಮೇಲಿನವರಿಗೆ ಉತ್ತರ ಬರೆಸಲು ಬಂದರು. ಸದಸ್ಯರೊಬ್ಬರ ದೂರಿಗೆ ಸಮಜಾಯಿಷಿ. ಅವರೇ ಮೊಬೈಲ್‌ನಲ್ಲಿ ಕರಡು ಮಾಡಿಕೊಂಡಿದ್ದರು. ಮೂರನೇ ಪ್ಯಾರಾದಲ್ಲಿ "ದೂರಿನನ್ವಯ ಸ್ಥಳ ಪರಿಶೀಲನೆ ನಡೆಸಲಾಗಿದೆ, ಸಂಬಂಧಪಟ್ಟವರ ಹೇಳಿಕೆ ಪಡೆಯಲಾಗಿದೆ" ಎಂದಿತ್ತು. "ಯಾವತ್ತು ಹೋಗಿದ್ರಿ ಸಾರ್?" ಎಂದೆ. "ಎಲ್ಲಿಗೆ?" ಎಂದರು. ಯಾರೂ ಎಲ್ಲಿಗೂ ಹೋಗಿರಲಿಲ್ಲ. ಸಾವಿರಾರು ಸರ್ಕಾರಿ ಪತ್ರಗಳಲ್ಲಿ ಆ ಸಾಲು ಇರುತ್ತದಲ್ಲ, ಯಂತ್ರ ಅದೇ ಧಾಟಿಯಲ್ಲಿ ತಾನೇ ಸೇರಿಸಿಬಿಟ್ಟಿದೆ. ಇವರು ನಾಲ್ಕು ಕಡೆ ಪದ ತಿದ್ದಿದ್ದಾರೆ, "ಸದರಿ" ಸೇರಿಸಿದ್ದಾರೆ. ಆ ಸಾಲನ್ನು ಹಾಗೇ ಬಿಟ್ಟಿದ್ದಾರೆ. ರುಜು ಬಿದ್ದಿದ್ದರೆ ನಡೆಯದ ಪರಿಶೀಲನೆಗೆ ಅವರೇ ಸಾಕ್ಷಿ ಆಗುತ್ತಿದ್ದರು.

ಅವತ್ತಿನಿಂದ ಕಚೇರಿ ಪತ್ರಕ್ಕೆ ನನ್ನದು ಒಂದೇ ಕೆಲಸ. ಕಂಟ್ರೋಲ್ ಎಫ್ ಒತ್ತಿ "ಲಾಗಿದೆ" ಎಂದು ಹುಡುಕುವುದು. ಕರಡು ಯೂನಿಕೋಡ್‌ನಲ್ಲಿರಬೇಕು, ನುಡಿಯ ಹಳೇ ಅಕ್ಷರದಲ್ಲಿದ್ದರೆ ಸಿಗುವುದಿಲ್ಲ. ನಡೆಸಲಾಗಿದೆ, ಪಡೆಯಲಾಗಿದೆ, ತಿಳಿಸಲಾಗಿದೆ, ಕ್ರಮ ವಹಿಸಲಾಗಿದೆ. ಒಂದು ಪುಟದ ಪತ್ರದಲ್ಲಿ ಏಳೆಂಟು ಸಿಗುತ್ತವೆ. ಪ್ರತಿಯೊಂದಕ್ಕೂ ಯಾರು ಮಾಡಿದರು, ಯಾವತ್ತು ಎಂದು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆಸುತ್ತೇನೆ. ಬರೆಯಲಾಗದ್ದನ್ನು ಹೊಡೆಯುತ್ತೇವೆ. ಯಾರು ಅನ್ನುವುದನ್ನು ಮುಚ್ಚಿಡಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪ್ರತ್ಯಯ ಇಲ್ಲ. ಯಂತ್ರಕ್ಕೂ ಅದು ಬಲು ಇಷ್ಟ. "ಲಾಯಿತು", "ಲಾಗುವುದು" ಕೂಡ ಹುಡುಕಿ. ಇನ್ನೊಂದು ಪದ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಕಚೇರಿಯಲ್ಲೂ ಶಾಲೆಯ ನಿಯಮ ಬೇಕಾಗುವ ಜಾಗಗಳಿವೆ. ಕೆಲಸಕ್ಕೆ ಕರೆದವರು ಬರವಣಿಗೆ ನೋಡಲು ಅರ್ಜಿದಾರರಿಂದ ಅರ್ಧ ಪುಟ ಬರೆಸಿ ತರಿಸಿದರೆ ಅದು ಪರೀಕ್ಷೆಯೇ. ಅಂಥದ್ದಕ್ಕೆ ಟೈಪಿಂಗ್ ಮಾತ್ರ ಮಾಡಿಕೊಡುತ್ತೇನೆ.

ದುಡ್ಡಿನ ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. ಹಳೇ ಪದ್ಧತಿಯಲ್ಲಿ ಸೀಸನ್‌ಗೆ ಲಕ್ಷ ದಾಟುತ್ತಿತ್ತು. ಬದಲಾಯಿಸಿದ ವರ್ಷ 22 ವರದಿ, 26 ಸಾವಿರದ ಆಸುಪಾಸು. ಹೆಂಡತಿಯ ಚೀಟಿ ದುಡ್ಡಿನಲ್ಲಿ ಬಾಡಿಗೆ ಕಟ್ಟಿದೆವು. ಈ ವರ್ಷ 40 ವರದಿಗೆ 1,400ರಂತೆ 56 ಸಾವಿರ. ಕಚೇರಿ ಪತ್ರ ಒಂದಕ್ಕೆ ಮೊದಲು 25 ತಗೊಳ್ಳುತ್ತಿದ್ದೆ, ಈಗ 40. ವಾರಕ್ಕೆ ಇಪ್ಪತ್ತೈದು ಮೂವತ್ತು ಬರುತ್ತವೆ, ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಹಳೇ ಲಕ್ಷ ಇನ್ನೂ ಬಂದಿಲ್ಲ. ಮರುಬೈಂಡಿಂಗ್ ಖರ್ಚು ಮಾತ್ರ ಸೊನ್ನೆ.

ಹೋದ ವಾರ ಆ ಸಂಘದ ಕಾರ್ಯದರ್ಶಿ ಮತ್ತೆ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹಾಳೆ ಮುಂದಿಟ್ಟರು. "ಲಾಗಿದೆ ಎಲ್ಲಾ ಹೊಡೆದಿದ್ದೀನಿ ಕಣ್ರೀ, ಎರಡೇ ಉಳಿದಿವೆ. ಎರಡಕ್ಕೂ ತಾರೀಖು ಬರೆದಿದ್ದೀನಿ, ನೋಡಿ." ನೋಡಿದೆ. ಒಂದು ತಾರೀಖು ಭಾನುವಾರ ಬಿದ್ದಿತ್ತು.